ಫಿಟ್‌ನೆಸ್ ಪರೀಕ್ಷೆಯ ಬಗ್ಗೆ ಪೋಷಕರಿಗೆ ಪತ್ರ: ಈ ಕರಡಿನಲ್ಲಿ ಏನು ಚುಚ್ಚುತ್ತದೆ?

ಪಿ.ಟಿ. ಮೇಷ್ಟ್ರು
ನಾನು ಶಾಲೆಯಲ್ಲಿ ದೈಹಿಕ ಶಿಕ್ಷಣ ಕಲಿಸುವವನು. ಪಠ್ಯಕ್ರಮದಲ್ಲಿ ಫಿಟ್‌ನೆಸ್ ಪರೀಕ್ಷೆ ಏಕಿದೆ, ಅದರ ಫಲಿತಾಂಶವನ್ನು ಏನು ಮಾಡುತ್ತೇವೆ ಎಂದು ಪೋಷಕರಿಗೆ ತಿಳಿಸುವ ಪತ್ರ ಬರೆಯಬೇಕಾಗಿದೆ. ಕರಡು ಕೆಳಗಿದೆ, ಸೋಮವಾರ ಮುದ್ರಣಕ್ಕೆ ಹೋಗುತ್ತದೆ. ಓದಿದಾಗ ನಿಮಗೆ ಇದರಲ್ಲಿ ಏನು ಚುಚ್ಚುತ್ತದೆ, ಹೇಳಿ.

> ಮಾನ್ಯ ಪೋಷಕರೇ, ನಿಮ್ಮ ಮಗು ವರ್ಷಕ್ಕೆ ಎರಡು ಬಾರಿ ನಾಲ್ಕು ಪರೀಕ್ಷೆಗಳಲ್ಲಿ ಭಾಗವಹಿಸುತ್ತದೆ: ಬೀಪ್ ಓಟ, ಕರ್ಲ್-ಅಪ್, ಪುಷ್-ಅಪ್ ಮತ್ತು ಕುಳಿತು ಮುಂದಕ್ಕೆ ಬಾಗುವುದು. ಕ್ರೀಡಾಪಟುಗಳನ್ನು ಆರಿಸುವುದು ಇದರ ಉದ್ದೇಶವಲ್ಲ. ತನ್ನ ದೇಹ ಇಂದು ಎಷ್ಟು ಮಾಡಬಲ್ಲದು ಎಂದು ಮಗು ತಾನೇ ತಿಳಿದುಕೊಂಡು, ಮುಂದಿನ ಅವಧಿಗೆ ಒಂದು ಗುರಿ ಬರೆದುಕೊಳ್ಳುವುದೂ ಪಾಠವೇ. ಫಲಿತಾಂಶವನ್ನು ಅಂಕಗಳಿಗೆ ಸೇರಿಸುವುದಿಲ್ಲ. ಯಾವ ಮಗುವನ್ನೂ ಇನ್ನೊಂದು ಮಗುವಿನೊಂದಿಗೆ ಹೋಲಿಸುವುದಿಲ್ಲ. ಇಡೀ ತರಗತಿ ಎಲ್ಲಿ ಹಿಂದಿದೆ ಎಂದು ನೋಡಿ ನಮ್ಮ ಪಾಠಗಳನ್ನು ಬದಲಾಯಿಸಿಕೊಳ್ಳುತ್ತೇವೆ. ಕಳೆದ ಅವಧಿಗಿಂತ ನಮ್ಮ ಮಕ್ಕಳು ಗಮನಾರ್ಹ ಪ್ರಗತಿ ಸಾಧಿಸಿದ್ದಾರೆ. ಬೀಪ್ ಓಟದಲ್ಲಿ 23 ಸುತ್ತು ಓಡಿದ್ದ ವಿದ್ಯಾರ್ಥಿಯೊಬ್ಬ ಈ ಬಾರಿ 31 ಸುತ್ತು ಓಡಿದ್ದಾನೆ. ಮಗುವಿನ ವರದಿ ಕಾರ್ಡನ್ನು ಲಗತ್ತಿಸಿದೆ.

ಎರಡು ಮಕ್ಕಳ ಅಪ್ಪ
"ಯಾವ ಮಗುವನ್ನೂ ಇನ್ನೊಂದು ಮಗುವಿನೊಂದಿಗೆ ಹೋಲಿಸುವುದಿಲ್ಲ." ಮೇಷ್ಟ್ರೇ, ಇದೇ ವಾಕ್ಯ ನನ್ನ ಮಗಳ ಶಾಲೆಯ ಪತ್ರದಲ್ಲಿಯೂ ಇತ್ತು. ಅದರ ಜೊತೆಗೆ ಬಂದ ಕಾರ್ಡಿನಲ್ಲಿ ಓಟದ ಮುಂದೆ "34ನೆಯ ಪರ್ಸೆಂಟೈಲ್" ಎಂದು ಬರೆದಿದ್ದರು. ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಇವಳ ಹಿಂದೆ 34 ಮಂದಿ ಇದ್ದಾರೆ ಎಂದಲ್ಲವೇ ಅದರ ಅರ್ಥ? ಹೋಲಿಕೆಯಲ್ಲದೆ ಇನ್ನೇನು ಅದು? ನಿಮ್ಮ ಕಾರ್ಡಿನಲ್ಲಿ ಏನಿದೆ, ಮೊದಲು ಅದನ್ನು ಹೇಳಿ.

ನಿವೃತ್ತ ಸೀಟಿ
31 ವರ್ಷ ಸೀಟಿ ಊದಿದವನು ನಾನು. ಓಟದ ಫಲಿತಾಂಶವನ್ನು ಹಲಗೆಯ ಮೇಲೆ ಹೆಸರಿನ ಸಮೇತ ಬರೆಯುತ್ತಿದ್ದೆವು. ಯಾರ ಮನಸ್ಸೂ ಒಡೆಯಲಿಲ್ಲ. ಈಗ ಪರೀಕ್ಷೆ ಮಾಡುವುದಕ್ಕೂ ಕ್ಷಮಾಪಣೆ ಪತ್ರ! ಅಮೆರಿಕದಲ್ಲಿ 1950ರ ದಶಕದಲ್ಲಿ ಸ್ನಾಯುಬಲ ಅಳೆಯುವ ಕ್ರೌಸ್-ವೆಬರ್ ಪರೀಕ್ಷೆ ನಡೆಸಿದಾಗ ಅಲ್ಲಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸೋತರು, ಯುರೋಪಿನ ಮಕ್ಕಳಲ್ಲಿ ಸೋತವರು ನೂರಕ್ಕೆ ಹತ್ತೂ ಇರಲಿಲ್ಲ. ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಮಕ್ಕಳ ಫಿಟ್‌ನೆಸ್‌ಗೆಂದು ಮಂಡಳಿಯನ್ನೇ ರಚಿಸಿದರು. ಹೋಲಿಸಿದ್ದರಿಂದಲೇ ಗೊತ್ತಾಯಿತು. ಹೋಲಿಕೆ ಎಂದರೆ ಬೆಚ್ಚಿಬೀಳುವವರು ಪರೀಕ್ಷೆಯನ್ನೇ ಬಿಟ್ಟುಬಿಡಲಿ.

ಹಿಂದಿನ ಬೆಂಚು
"ಯಾರ ಮನಸ್ಸೂ ಒಡೆಯಲಿಲ್ಲ" ಎಂದು ಹಲಗೆಯ ಮೇಲೆ ಬರೆದವರು ಹೇಳುತ್ತಾರೆ. ಅದರಲ್ಲಿ ಕೊನೆಯ ಹೆಸರು ನನ್ನದಾಗಿರುತ್ತಿತ್ತು. ಎಲ್ಲರೂ ಓಟ ಮುಗಿಸಿ ನೆರಳಿನಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದರು. ಮೂವತ್ತು ವರ್ಷವಾಯಿತು, ನನಗೆ ಮರೆತಿಲ್ಲ. ನೀವು ಕೇಳಲಿಲ್ಲ, ಆದ್ದರಿಂದ ನಿಮಗೆ ಗೊತ್ತಾಗಲಿಲ್ಲ.

ಉಸಿರುಲೆಕ್ಕ
ವ್ಯಾಯಾಮ ಶರೀರಶಾಸ್ತ್ರ ನನ್ನ ವೃತ್ತಿ. ಅಪ್ಪನವರ ಆಕ್ಷೇಪ ಸರಿಯಾಗಿದೆ. ಪರ್ಸೆಂಟೈಲ್ ಬರೆದರೆ ಅದು ಹೋಲಿಕೆಯೇ. ಅದರ ಕೆಟ್ಟ ಗುಣ ಇನ್ನೊಂದಿದೆ: ತರಗತಿಯ ಎಲ್ಲರೂ ಸುಧಾರಿಸಿದರೆ ನಿಮ್ಮ ಮಗಳೂ ಸುಧಾರಿಸಿ 34ರಲ್ಲಿಯೇ ಉಳಿಯುತ್ತಾಳೆ. 1966ರಲ್ಲಿ ಆರಂಭವಾದ ಅಮೆರಿಕದ ಅಧ್ಯಕ್ಷೀಯ ಫಿಟ್‌ನೆಸ್ ಪ್ರಶಸ್ತಿಗೆ 85ನೆಯ ಪರ್ಸೆಂಟೈಲ್ ದಾಟಬೇಕಿತ್ತು. ಅಂದರೆ ಬಹುಪಾಲು ಮಕ್ಕಳಿಗೆ ಅದು ಸಿಗದಂತೆಯೇ ಅದನ್ನು ಕಟ್ಟಿದ್ದರು.

ಅದರ ಬದಲು ಆರೋಗ್ಯದ ಮಟ್ಟ ಇಟ್ಟುಕೊಳ್ಳುವ ಪದ್ಧತಿ ಇದೆ. ಈ ವಯಸ್ಸಿನ ಮಗುವಿಗೆ ಇಷ್ಟು ಸಾಕು ಎಂಬ ಗೆರೆ ಮೊದಲೇ ಇರುತ್ತದೆ. ಗೆರೆಯ ಆಚೆ ತರಗತಿಯ ಎಲ್ಲರೂ ಇರಬಹುದು, ಯಾರೂ ಇಲ್ಲದಿರಬಹುದು. ಪಕ್ಕದ ಮಗು ಎಷ್ಟು ಓಡಿತು ಎಂಬುದು ಅದಕ್ಕೆ ಬೇಕಾಗಿಯೇ ಇಲ್ಲ.

ಮೇಷ್ಟ್ರೇ, ನನಗೆ ಚುಚ್ಚಿದ್ದು ಬೇರೆ ವಾಕ್ಯ. 23 ಮತ್ತು 31: ಎರಡೂ ಓಟ ಒಂದೇ ಜಾಗದಲ್ಲಿ ನಡೆದವೇ?

ನಿವೃತ್ತ ಸೀಟಿ
"ತರಗತಿಯ ಎಲ್ಲರೂ ಇರಬಹುದು." ಹಾಗಾದರೆ ಎಲ್ಲರೂ ಪಾಸ್. ಅಭಿನಂದನೆಗಳು. ಅಂಕೆಯಿಲ್ಲದ ಕಪಿ ಲಂಕೆ ಸುಟ್ಟಿತು ಎಂಬ ಗಾದೆಯನ್ನು ಶರೀರಶಾಸ್ತ್ರದಲ್ಲಿ ಕಲಿಸುವುದಿಲ್ಲ ಎಂದು ಕಾಣುತ್ತದೆ.

ಪಿ.ಟಿ. ಮೇಷ್ಟ್ರು
ನಮ್ಮ ಕಾರ್ಡಿನಲ್ಲಿ ಪರ್ಸೆಂಟೈಲ್ ಇಲ್ಲ, ಮಟ್ಟ ಮಾತ್ರ ಇದೆ. ಅಪ್ಪನವರು ನಿಶ್ಚಿಂತೆಯಿಂದ ಇರಬಹುದು.

ಉಸಿರುಲೆಕ್ಕ ಅವರೇ, ಮೊದಲ ಓಟ ಮೈದಾನದಲ್ಲಿ, 20 ಮೀಟರ್ ಗೆರೆಗಳ ನಡುವೆ. ಎರಡನೆಯದು ಮಳೆಯ ಕಾರಣದಿಂದ ಒಳಾಂಗಣದಲ್ಲಿ. ಅಲ್ಲಿ ಜಾಗ ಕಡಿಮೆ, 15 ಮೀಟರ್ ಸಿಕ್ಕಿತು. ಬೀಪ್ ಶಬ್ದ ಅದೇ ಮೊಬೈಲ್‌ನಿಂದ. ಉಳಿದದ್ದೆಲ್ಲ ಒಂದೇ.

ಎರಡು ಮಕ್ಕಳ ಅಪ್ಪ
"ಉಳಿದದ್ದೆಲ್ಲ ಒಂದೇ"! ಒಂದು ಸುತ್ತಿನಲ್ಲಿ ಕಾಲುಭಾಗ ಕಡಿಮೆ ಓಡಿಸಿ, ಸುತ್ತು ಹೆಚ್ಚಾಯಿತು ಎಂದು ಪತ್ರ ಬರೆಯುತ್ತಿದ್ದೀರಿ. ಮೀಟರ್ ಕಡಿಮೆ ಮಾಡಿದರೆ ಬಟ್ಟೆ ಅಂಗಡಿಯವನೂ ಹೆಚ್ಚು ಮೀಟರ್ ಮಾರುತ್ತಾನೆ.

ಅಂಕಿರಾಯ
ಇದಕ್ಕೆ ಇಷ್ಟು ಗದ್ದಲ ಏಕೆ? ಗುಣಾಕಾರ ಮಾಡಿ. 23 ಸುತ್ತು ಗುಣಿಸು 20 ಮೀಟರ್ ಎಂದರೆ 460 ಮೀಟರ್. 31 ಸುತ್ತು ಗುಣಿಸು 15 ಮೀಟರ್ ಎಂದರೆ 465 ಮೀಟರ್. ಹುಡುಗ ಎರಡೂ ಬಾರಿ ಒಂದೇ ದೂರ ಓಡಿದ್ದಾನೆ. ಪ್ರಗತಿಯೂ ಇಲ್ಲ, ಇಳಿಕೆಯೂ ಇಲ್ಲ. "ಗಮನಾರ್ಹ ಪ್ರಗತಿ" ತೆಗೆದು "ಸ್ಥಿರತೆ" ಎಂದು ಬರೆಯಿರಿ, ಮುಗಿಯಿತು.

ಉಸಿರುಲೆಕ್ಕ
ಮುಗಿಯಲಿಲ್ಲ. ಬೀಪ್ ಓಟ ದೂರದ ಪರೀಕ್ಷೆಯಲ್ಲ, ವೇಗದ ಪರೀಕ್ಷೆ. ಒಂದು ಬೀಪ್‌ನಿಂದ ಮುಂದಿನ ಬೀಪ್‌ನೊಳಗೆ ಎದುರಿನ ಗೆರೆ ಮುಟ್ಟಬೇಕು. ಮೊದಲ ನಿಮಿಷದಲ್ಲಿ ವೇಗ ಗಂಟೆಗೆ 8.5 ಕಿ.ಮೀ., ಆಮೇಲೆ ನಿಮಿಷಕ್ಕೆ ಅರ್ಧ ಕಿ.ಮೀ.ನಂತೆ ಏರುತ್ತದೆ. ಯಾವ ವೇಗದಲ್ಲಿ ಮಗು ಸೋಲುತ್ತದೆ ಎಂಬುದೇ ಉತ್ತರ. ಸುತ್ತುಗಳ ಎಣಿಕೆ ಆ ವೇಗವನ್ನು ತಿಳಿಯುವ ದಾರಿ, ಅಷ್ಟೇ.

23 ಸುತ್ತು ಎಂದರೆ ಮೂರನೆಯ ನಿಮಿಷದ ಕೊನೆ, ವೇಗ ಗಂಟೆಗೆ 9.5 ಕಿ.ಮೀ. ಮೇಷ್ಟ್ರು ಒಳಾಂಗಣದಲ್ಲಿ 20 ಮೀಟರ್‌ಗೆ ಮಾಡಿದ ಧ್ವನಿಮುದ್ರಿಕೆಯನ್ನೇ ಹಾಕಿದ್ದರೆ, 31ನೆಯ ಸುತ್ತು ಬರುವುದು ನಾಲ್ಕನೆಯ ನಿಮಿಷದಲ್ಲಿ. ಮುದ್ರಿಕೆ ಅಲ್ಲಿ 10 ಕಿ.ಮೀ. ಎಂದುಕೊಂಡಿದೆ. ಆದರೆ ಹುಡುಗ ಅಷ್ಟೇ ಸಮಯದಲ್ಲಿ 20ರ ಬದಲು 15 ಮೀಟರ್ ಹೋಗುತ್ತಿದ್ದಾನೆ. ಅವನ ನಿಜವಾದ ವೇಗ 7.5 ಕಿ.ಮೀ. ಅಂದರೆ ಪತ್ರದಲ್ಲಿ ಪ್ರಗತಿ ಎಂದು ಬರೆದಿರುವ ಜಾಗದಲ್ಲಿ ಅಂಕಿ ಹೇಳುತ್ತಿರುವುದು ಇಳಿಕೆಯನ್ನು.

15 ಮೀಟರ್‌ಗೆಂದೇ ಬೇರೆ ಮುದ್ರಿಕೆ ಸಿಗುತ್ತದೆ. ಯಾವುದನ್ನು ಹಾಕಿದಿರಿ?

ಅಂಕಿರಾಯ
"7.5 ಕಿ.ಮೀ." ಸರಳ ರೇಖೆಯಲ್ಲಿ ಓಡುವವರಿಗೆ ಸರಿ. ನೀವು ತಿರುವನ್ನು ಮರೆತಿದ್ದೀರಿ. 23 ಸುತ್ತಿಗೆ 22 ತಿರುವು, 31 ಸುತ್ತಿಗೆ 30 ತಿರುವು. ಪ್ರತಿ ತಿರುವಿನಲ್ಲೂ ನಿಲ್ಲಬೇಕು, ಹೊರಳಬೇಕು, ಮತ್ತೆ ವೇಗ ಹಿಡಿಯಬೇಕು. ಎಂಟು ತಿರುವು ಹೆಚ್ಚು! ಈಗ ಯೋಚಿಸಿದರೆ ನಾನು ಹೇಳಿದ ಸ್ಥಿರತೆಯೂ ತಪ್ಪು. ಹುಡುಗ ನಿಜವಾಗಿಯೂ ಸುಧಾರಿಸಿದ್ದಾನೆ.

ಪಿ.ಟಿ. ಮೇಷ್ಟ್ರು
ಅಂಕಿರಾಯರಿಗೆ ಧನ್ಯವಾದಗಳು. ಇದನ್ನೇ ನಾನು ಹೇಳಬೇಕೆಂದಿದ್ದೆ.

ಉಸಿರುಲೆಕ್ಕ
ತಿರುವಿಗೆ ಬೆಲೆ ಇದೆ, ಒಪ್ಪುತ್ತೇನೆ. ಅದಕ್ಕಾಗಿಯೇ 15 ಮೀಟರ್‌ನ ಸುತ್ತುಗಳನ್ನು 20 ಮೀಟರ್‌ಗೆ ಪರಿವರ್ತಿಸಲು ಸಿದ್ಧ ಕೋಷ್ಟಕವಿದೆ, ಬರಿಯ ಮುಕ್ಕಾಲಿನ ಗುಣಾಕಾರ ಸಾಲದು. ಆದರೆ ಆ ಕೋಷ್ಟಕ 15 ಮೀಟರ್‌ನ ಮುದ್ರಿಕೆಯಲ್ಲಿ ಓಡಿದವರಿಗೆ. ಗಂಟೆಗೆ ಎರಡು ಕಿ.ಮೀ. ನಿಧಾನವಾಗಿ ಓಡಿದ್ದನ್ನು ಎಂಟು ತಿರುವುಗಳು ತುಂಬಿಕೊಡುವುದಿಲ್ಲ. ಮೆಲ್ಲಗೆ ಓಡುವವನು ಮೆಲ್ಲಗೆ ತಿರುಗುತ್ತಾನೆ ರಾಯರೇ.

ಅಂಕಿರಾಯ
"ಒಪ್ಪುತ್ತೇನೆ" ಎಂದಿರಲ್ಲ, ಅಷ್ಟು ಸಾಕು.

ಮಂಡಿನೋವು
ಕ್ಷಮಿಸಿ, ತಡವಾಗಿ ಬಂದೆ. ಪೋಷಕರಿಗೆ ಬೀಪ್ ಓಟ ಕಡ್ಡಾಯವೇ? ನನಗೆ 46 ವರ್ಷ, ಬಲ ಮಂಡಿಯಲ್ಲಿ ಸವೆತವಿದೆ. 20 ಮೀಟರ್ ಆದರೂ 15 ಮೀಟರ್ ಆದರೂ ಹೊರಳುವುದು ನನ್ನಿಂದಾಗದು. ವೈದ್ಯರ ಚೀಟಿ ತಂದರೆ ವಿನಾಯಿತಿ ಕೊಡುತ್ತಾರೆಯೇ?

ಎರಡು ಮಕ್ಕಳ ಅಪ್ಪ
ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಸ್ವಾಮಿ, ಓಡುವುದು ಮಕ್ಕಳು. ಪತ್ರ ಬರುವುದು ಮಾತ್ರ ನಮಗೆ.

ಮಂಡಿನೋವು
ಸರಿ. ಆದರೆ ನನ್ನ ಮಗನಿಗೂ ಮಂಡಿ ನೋವಿದೆ, ಈ ವರ್ಷ ತಾಳೆಮರದಂತೆ ಬೆಳೆದಿದ್ದಾನೆ. ಪತ್ರದಲ್ಲಿ ವಿನಾಯಿತಿಯ ಮಾತೇ ಇಲ್ಲ.

ಉಸಿರುಲೆಕ್ಕ
ಇದು ಒಳ್ಳೆಯ ಪ್ರಶ್ನೆ, ಯಾರೂ ಗಮನಿಸಲಿಲ್ಲ. ಮೇಷ್ಟ್ರೇ, ಉಬ್ಬಸ, ಹೃದಯದ ತೊಂದರೆ, ಕೀಲುನೋವು ಇದ್ದರೆ ಪರೀಕ್ಷೆಗೆ ಮೊದಲೇ ತಿಳಿಸಿ ಎಂಬ ಸಾಲು ಪತ್ರದಲ್ಲಿ ಇರಲೇಬೇಕು. ಫಲಿತಾಂಶದ ಜೊತೆಗೆ ಕಳಿಸುವ ಪತ್ರದಲ್ಲಿ ಬರೆದು ಪ್ರಯೋಜನವಿಲ್ಲ, ಓಟಕ್ಕೆ ಮುಂಚೆ ಕೈಸೇರಬೇಕು.

ನಿವೃತ್ತ ಸೀಟಿ
"ವಿನಾಯಿತಿ." ಬಂತು ನೋಡಿ! ಅಂಕವಿಲ್ಲ, ಹೋಲಿಕೆಯಿಲ್ಲ, ಈಗ ಓಟವೂ ಇಲ್ಲ. ಅಂಕಕ್ಕೆ ಸೇರಿಸದಿದ್ದರೆ ಯಾವ ಹುಡುಗ ಉಸಿರು ಕಟ್ಟುವವರೆಗೆ ಓಡುತ್ತಾನೆ? ನನ್ನ ಕಾಲದಲ್ಲಿ ಓಟಕ್ಕೆ 25 ಅಂಕ ಇತ್ತು, ಎಲ್ಲರೂ ಓಡುತ್ತಿದ್ದರು.

ಉಸಿರುಲೆಕ್ಕ
ನಿಮ್ಮ 25 ಅಂಕದಲ್ಲಿ ಎಷ್ಟು ಭಾಗ ಮಗು ಕಲಿತದ್ದು, ಎಷ್ಟು ಭಾಗ ಅದರ ಎತ್ತರ, ಹುಟ್ಟುಗುಣ ಮತ್ತು ಯೌವನ ಯಾವಾಗ ಬಂತು ಎಂಬುದು? ಹದಿಮೂರರ ಇಬ್ಬರು ಹುಡುಗರನ್ನು ನಿಲ್ಲಿಸಿ. ಒಬ್ಬನಿಗೆ ಮೀಸೆ ಚಿಗುರಿದೆ, ಇನ್ನೊಬ್ಬ ಇನ್ನೂ ಮಗುವಿನಂತಿದ್ದಾನೆ. ಮೊದಲನೆಯವನು ವರ್ಷವಿಡೀ ಕುಳಿತಿದ್ದರೂ ಪುಷ್-ಅಪ್‌ನಲ್ಲಿ ಮುಂದಿರಬಹುದು. ಅವನಿಗೆ ಅಂಕ ಕೊಟ್ಟರೆ ನೀವು ಅಂಕ ಕೊಟ್ಟದ್ದು ಅವನ ಹಾರ್ಮೋನಿಗೆ. ಆದ್ದರಿಂದಲೇ ಫಿಟ್‌ನೆಸ್‌ಗ್ರಾಮ್ ಎಂಬ ಶಾಲಾ ಪರೀಕ್ಷಾ ಪದ್ಧತಿಯನ್ನು ರೂಪಿಸಿದವರು ಅದರ ಫಲಿತಾಂಶದಿಂದ ಗ್ರೇಡ್ ಕೊಡಬೇಡಿ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಗುರಿ ಬರೆದನೇ, ಅದಕ್ಕೆ ತಕ್ಕ ಅಭ್ಯಾಸ ಯಾವುದೆಂದು ತಿಳಿದನೇ ಎಂಬುದಕ್ಕೆ ಬೇಕಾದರೆ ಅಂಕ ಕೊಡಿ.

ನಿವೃತ್ತ ಸೀಟಿ
"ಅವನ ಹಾರ್ಮೋನಿಗೆ"! ಹಾಗಾದರೆ ಗಣಿತದ ಅಂಕವನ್ನು ಮಿದುಳಿನ ಹೆಸರಿಗೆ ಬರೆಯೋಣ. ನಿಮ್ಮ ಮಾತಿಗೆ ಉತ್ತರ ಕೊಡುವುದು ನನ್ನ ಘನತೆಗೆ ಕಡಿಮೆ.

ನಿವೃತ್ತ ಸೀಟಿ
ಇನ್ನೊಂದು ಮಾತು. ನಮ್ಮ ಕಾಲದಲ್ಲಿ ಬೀಪ್ ಇರಲಿಲ್ಲ, 600 ಮೀಟರ್ ಓಟ ಇತ್ತು. ಗೆರೆ ಎಳೆದಿದ್ದೆವು, ಓಡಿದರು, ಸಮಯ ಬರೆದೆವು. 15 ಆಯಿತು, 20 ಆಯಿತು ಎಂಬ ಈ ರಗಳೆ ಇರಲಿಲ್ಲ.

ಅಂಕಿರಾಯ
ಮತ್ತೆ ತಿರುವಿಗೆ ಬರುತ್ತೇನೆ, ಏಕೆಂದರೆ ಉಸಿರುಲೆಕ್ಕ ಅವರು ಜಾರಿಕೊಂಡರು. ಹುಡುಗ 9.5 ಕಿ.ಮೀ. ವೇಗದಲ್ಲಿ ಮೊದಲು ಓಡಿದ್ದ. ಆಮೇಲೆ 7.5 ಕಿ.ಮೀ. ವೇಗದಲ್ಲಿ ಸೋತನಂತೆ. ಆರೋಗ್ಯವಾಗಿರುವ ಹುಡುಗ ಒಂದೇ ಅವಧಿಯಲ್ಲಿ ಇಷ್ಟು ಕುಸಿಯುತ್ತಾನೆಯೇ? ಇಲ್ಲ. ಆದ್ದರಿಂದ ನಿಮ್ಮ ಲೆಕ್ಕ ತಪ್ಪು, ಮುದ್ರಿಕೆ 15 ಮೀಟರ್‌ನದೇ ಆಗಿರಬೇಕು, ಪ್ರಗತಿಯೂ ನಿಜವಾಗಿರಬೇಕು.

ಉಸಿರುಲೆಕ್ಕ
ನಿಮ್ಮ ಪ್ರಶ್ನೆ ನನ್ನ ಉತ್ತರಕ್ಕಿಂತ ಚೆನ್ನಾಗಿದೆ, ನಿಮ್ಮ ತೀರ್ಮಾನ ಮಾತ್ರ ಅವಸರದ್ದು. ಮುದ್ರಿಕೆ 15 ಮೀಟರ್‌ನದಾಗಿದ್ದರೂ ಪ್ರಗತಿ ನಿಜವಾಗುವುದಿಲ್ಲ. ಅದರಲ್ಲಿ ಮೂರು ನಿಮಿಷಕ್ಕೆ ಹೆಚ್ಚುಕಡಿಮೆ 30 ಸುತ್ತು ಆಗುತ್ತದೆ. 31 ಎಂದರೆ ಹಿಂದಿನ 23ರ ಆಸುಪಾಸೇ.

ಮುದ್ರಿಕೆ 20 ಮೀಟರ್‌ನದಾಗಿದ್ದರೆ ನೀವು ಹೇಳಿದ ವಿಚಿತ್ರ ಉಳಿಯುತ್ತದೆ. ಅವನು ಆರಾಮವಾಗಿ ಆರೇಳು ನಿಮಿಷವಾದರೂ ಓಡಬೇಕಿತ್ತು, ನಾಲ್ಕನೆಯ ನಿಮಿಷದಲ್ಲಿ ಏಕೆ ನಿಂತ?

ಮೇಷ್ಟ್ರೇ, ಊಹೆ ಬೇಡ. ಮೊಬೈಲ್‌ನಲ್ಲಿ ಮುದ್ರಿಕೆ ಹಾಕಿ, ಗಡಿಯಾರ ಹಿಡಿದು ಮೊದಲ ಎರಡು ಬೀಪ್‌ಗಳ ನಡುವಿನ ಸಮಯ ನೋಡಿ. ಎಂಟೂವರೆ ಸೆಕೆಂಡಿನ ಹತ್ತಿರ ಬಂದರೆ 20 ಮೀಟರ್‌ನದು. ಆರೂ ಚಿಲ್ಲರೆ ಬಂದರೆ 15 ಮೀಟರ್‌ನದು. ಹೀಗೆ ಅರ್ಧ ನಿಮಿಷದಲ್ಲಿ ಇತ್ಯರ್ಥವಾಗುವುದಕ್ಕೆ ನಾವು ಬೆಳಗ್ಗೆಯಿಂದ ಹೊಡೆದಾಡುತ್ತಿದ್ದೇವೆ.

ಎರಡು ಮಕ್ಕಳ ಅಪ್ಪ
"ಹೆಚ್ಚುಕಡಿಮೆ", "ಆಸುಪಾಸು", "ಹತ್ತಿರ". ಇಷ್ಟು ಸಡಿಲವಾದ ಪರೀಕ್ಷೆಯಿಂದ ನನ್ನ ಮಗಳ ಕಾರ್ಡಿನ ಮೇಲೆ "ಆರೋಗ್ಯಕ್ಕೆ ಅಪಾಯ" ಎಂದು ಅಚ್ಚು ಹಾಕುತ್ತೀರಿ. ಹೌದು, ಕಳೆದ ವರ್ಷ ಪರ್ಸೆಂಟೈಲ್ ತೆಗೆದು ಮಟ್ಟ ಹಾಕಿದರು. ಮಟ್ಟದ ಹೆಸರು ಅದು. ಮಗಳು ನನ್ನನ್ನು ಕೇಳಿದ್ದು: ನಾನು ಸಾಯುತ್ತೇನೆಯೇ?

ಉಸಿರುಲೆಕ್ಕ
ಆ ಮಾತನ್ನು ಮಗುವಿನ ಕೈಗೆ ಹಾಗೆಯೇ ಕೊಟ್ಟದ್ದು ತಪ್ಪು. ಆ ಮಟ್ಟಗಳ ಗೆರೆಯನ್ನು ಸಾವಿರಾರು ಮಕ್ಕಳ ರಕ್ತದೊತ್ತಡ, ಸಕ್ಕರೆ, ಸೊಂಟದ ಸುತ್ತಳತೆಗಳ ಜೊತೆಗೆ ತಾಳೆ ಹಾಕಿ ಎಳೆದಿರುತ್ತಾರೆ. ಗೆರೆಯ ಕೆಳಗಿರುವ ಗುಂಪಿನಲ್ಲಿ ಅಂಥ ತೊಂದರೆ ಹೆಚ್ಚು ಎಂದು ಅರ್ಥ. ನಿಮ್ಮ ಮಗಳಿಗೆ ತೊಂದರೆ ಇದೆ ಎಂದು ಅರ್ಥವಲ್ಲ. ಗುಂಪಿನ ಮಾತನ್ನು ಒಂದು ಮಗುವಿನ ತಲೆಗೆ ಕಟ್ಟಿದ್ದಾರೆ.

ಅದರ ಮೇಲೆ ಇನ್ನೊಂದು ಅನಿಶ್ಚಿತತೆ. ಸುತ್ತುಗಳಿಂದ ಮಗುವಿನ ಗರಿಷ್ಠ ಆಮ್ಲಜನಕ ಬಳಕೆಯನ್ನು ಸೂತ್ರ ಹಾಕಿ ಊಹಿಸುತ್ತಾರೆ. ಸಂಶೋಧಕ ಲೆಜೆ ಮತ್ತು ಸಂಗಡಿಗರು 1988ರಲ್ಲಿ 8ರಿಂದ 19 ವರ್ಷದ 188 ಮಕ್ಕಳ ಮೇಲೆ ಕಟ್ಟಿದ ಸೂತ್ರದಲ್ಲಿಯೇ ಊಹೆಯ ದೋಷ ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ ಸುಮಾರು 5.9 ಮಿಲಿಲೀಟರ್ ಇತ್ತು. ಅಂದರೆ ಸೂತ್ರ 40 ಎಂದಾಗ ನಿಜ 35 ಇರಬಹುದು, 45 ಇರಬಹುದು. ಗೆರೆಯ ಹತ್ತಿರ ಇರುವ ಮಗು ಆಚೆಯೋ ಈಚೆಯೋ ಎಂದು ಒಂದು ಓಟದಿಂದ ಆಣೆ ಮಾಡಲಾಗದು.

ಹಿಂದಿನ ಬೆಂಚು
ಈ ಕೊನೆಯ ಸಾಲನ್ನೇ ಪತ್ರದಲ್ಲಿ ಹಾಕಬಾರದೇಕೆ? "ಈ ಒಂದು ಓಟದಿಂದ ನಿಮ್ಮ ಮಗುವಿನ ಬಗ್ಗೆ ಖಚಿತವಾಗಿ ಏನನ್ನೂ ಹೇಳಲಾಗದು." ನನ್ನ ತಂದೆಯ ಕೈಗೆ ಅಂಥ ಪತ್ರ ಬಂದಿದ್ದರೆ ನನಗೆ ಆ ರಾತ್ರಿ ಊಟ ಸಿಗುತ್ತಿತ್ತು.

ನಿವೃತ್ತ ಸೀಟಿ
"ಖಚಿತವಾಗಿ ಏನನ್ನೂ ಹೇಳಲಾಗದು" ಎಂದ ಮೇಲೆ ಪರೀಕ್ಷೆ ಏಕೆ? ನೀವೇ ನನ್ನ ಪರವಾಗಿ ವಾದಿಸುತ್ತಿದ್ದೀರಿ.

ಅಂಕಿರಾಯ
ನಿಮ್ಮ ಪರ ಯಾವುದು ಸ್ವಾಮಿ? ಬೆಳಗ್ಗೆ ಪರೀಕ್ಷೆ ಬೇಕು, ಅಂಕ ಬೇಕು ಎಂದಿರಿ. ಈಗ ಪರೀಕ್ಷೆ ಏಕೆ ಎನ್ನುತ್ತಿದ್ದೀರಿ.

ನಿವೃತ್ತ ಸೀಟಿ
ನಾನು ಹೇಳಿದ್ದು 600 ಮೀಟರ್ ಓಟದ ಬಗ್ಗೆ. ಓದಲು ಬರದವರೊಂದಿಗೆ ವಾದವಿಲ್ಲ.

ಪಿ.ಟಿ. ಮೇಷ್ಟ್ರು
ಗಡಿಯಾರ ಹಿಡಿದು ನೋಡಿದೆ. ಮೂರು ಬಾರಿ ನೋಡಿದೆ. 8.5 ಸೆಕೆಂಡು.

ಆದರೆ ಒಂದು ವಿಷಯ ಹೇಳಬೇಕು. ಹುಡುಗ ಮೊದಲ ಬಾರಿಗಿಂತ ಈ ಬಾರಿ ಬಹಳ ಕಡಿಮೆ ಏದುಸಿರು ಬಿಡುತ್ತಿದ್ದ. ನಗುತ್ತಿದ್ದ. ಅದನ್ನು ಕಣ್ಣಾರೆ ಕಂಡೇ ಪ್ರಗತಿ ಎಂದು ಬರೆದೆ.

ಉಸಿರುಲೆಕ್ಕ
ಗಂಟೆಗೆ ಏಳೂವರೆ ಕಿ.ಮೀ. ವೇಗದಲ್ಲಿ ನಾಲ್ಕು ನಿಮಿಷ ಓಡಿದವನು ನಗದೆ ಏನು ಮಾಡುತ್ತಾನೆ? ನಗುತ್ತಿದ್ದವನು ನಿಂತದ್ದೇಕೆ ಎಂಬುದು ನನ್ನ ಪ್ರಶ್ನೆ. ಎರಡು ಬಾರಿ ಗೆರೆ ತಪ್ಪಿದ ಮೇಲೆ ನಿಲ್ಲಿಸುವುದು ನಿಯಮ. ಅವನು ತಪ್ಪಿದನೇ?

ಇನ್ನೊಂದು: ಆ ದಿನದ ಹಾಳೆಯನ್ನು ತೆಗೆದು ನೋಡಿ. 31 ಸುತ್ತು ಓಡಿದವರು ಒಟ್ಟು ಎಷ್ಟು ಮಂದಿ?

ಪಿ.ಟಿ. ಮೇಷ್ಟ್ರು
11 ಮಂದಿ.

ಉಸಿರುಲೆಕ್ಕ
32 ಅಥವಾ ಅದಕ್ಕಿಂತ ಹೆಚ್ಚು?

ಪಿ.ಟಿ. ಮೇಷ್ಟ್ರು
ಯಾರೂ ಇಲ್ಲ. ಅವಧಿ ಮುಗಿದ ಗಂಟೆ ಹೊಡೆಯಿತು. ಹಾಜರಿ, ಗೆರೆ ಹಾಕುವುದು, ಎರಡು ತಂಡ ಮಾಡುವುದು, ಇಷ್ಟರಲ್ಲಿ ನಲವತ್ತು ನಿಮಿಷದ ಅವಧಿ ಕರಗಿತ್ತು. ಎರಡನೆಯ ತಂಡ ಓಡುತ್ತಿದ್ದಾಗ ಗಂಟೆ ಹೊಡೆಯಿತು. ಇನ್ನೂ ಓಡುತ್ತಿದ್ದವರಿಗೆಲ್ಲ ಅಲ್ಲಿಯವರೆಗಿನ ಸುತ್ತು ಬರೆದೆ. ಅನ್ಯಾಯವೇನೂ ಮಾಡಲಿಲ್ಲ, ಎಲ್ಲರಿಗೂ ಒಂದೇ.

ಎರಡು ಮಕ್ಕಳ ಅಪ್ಪ
"ಎಲ್ಲರಿಗೂ ಒಂದೇ"! 31 ಎಂಬುದು ಹುಡುಗನ ಉಸಿರಿನ ಅಳತೆಯಲ್ಲ, ಶಾಲೆಯ ಗಂಟೆಯ ಅಳತೆ! ಇದನ್ನು "ಗಮನಾರ್ಹ ಪ್ರಗತಿ" ಎಂದು ಮುದ್ರಿಸಿ ನಮಗೆ ಕಳಿಸುತ್ತಿದ್ದಿರಿ.

ಅಂಕಿರಾಯ
ಗಮನಿಸಿ: ಹುಡುಗ ಕುಸಿಯುವುದು ಅಸಾಧ್ಯ ಎಂದು ಹೇಳಿದ್ದು ನಾನು. ಉಸಿರುಲೆಕ್ಕ ಅವರು "ಇಳಿಕೆ" ಎಂದಿದ್ದರು. ಇಳಿಕೆ ಇಲ್ಲ ಎಂದು ಈಗ ಸಾಬೀತಾಯಿತು.

ಉಸಿರುಲೆಕ್ಕ
ಅಂಕಿ ಇಳಿಕೆ ಹೇಳುತ್ತದೆ ಎಂದೆ, ಹುಡುಗ ಇಳಿದ ಎನ್ನಲಿಲ್ಲ. ಇರಲಿ, ಆ ಪ್ರಶ್ನೆ ನಿಮ್ಮದೇ.

ಮೇಷ್ಟ್ರೇ, ಈ 11 ಮಕ್ಕಳಿಗೆ ಈ ಬಾರಿಯ ಫಲಿತಾಂಶ ಇಲ್ಲ ಎಂದೇ ಇಟ್ಟುಕೊಳ್ಳಿ. ಒಂದೇ ಅಂಕಿಯಲ್ಲಿ ಇಷ್ಟು ಮಂದಿ ಬಂದು, ಅದರಾಚೆ ಯಾರೂ ಇಲ್ಲದಿದ್ದರೆ ಅಲ್ಲಿ ಮಕ್ಕಳು ನಿಲ್ಲಲಿಲ್ಲ, ಯಾರೋ ನಿಲ್ಲಿಸಿದರು ಎಂದರ್ಥ. ಹಾಳೆ ನೋಡಿದ ಕೂಡಲೇ ಗೊತ್ತಾಗಬೇಕಿತ್ತು. ಅದಕ್ಕಿಂತ ಮುಂಚೆ ತಾವಾಗಿ ನಿಂತವರ ಅಂಕಿಯನ್ನೂ ಕಾರ್ಡಿನ ಮಟ್ಟಕ್ಕೆ ತಾಳೆ ಹಾಕುವಂತಿಲ್ಲ, ಗೆರೆ ತಪ್ಪು, ಮುದ್ರಿಕೆ ಬೇರೆ. ಮೈದಾನ ಒಣಗಿದ ಮೇಲೆ 20 ಮೀಟರ್‌ನಲ್ಲಿ ಮತ್ತೆ ಓಡಿಸಿ. ತಂಡಕ್ಕೆ ಒಂದು ಅವಧಿ ಮೀಸಲಿಡಿ.

ಪಿ.ಟಿ. ಮೇಷ್ಟ್ರು
ಮತ್ತೆ ಓಡಿಸಲು ಅವಧಿ ಎಲ್ಲಿದೆ? ಪತ್ರ ಸೋಮವಾರ ಹೋಗಬೇಕು. ಅಲ್ಲದೆ "ಗಮನಾರ್ಹ ಪ್ರಗತಿ" ಎಂಬುದು ನನ್ನ ಮಾತಲ್ಲ. ಪತ್ರದಲ್ಲಿ ಆ ಪದ ಇರಲಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರು, ವಾರ್ಷಿಕ ವರದಿಗೂ ಅದೇ ಬೇಕಂತೆ.

ಎರಡು ಮಕ್ಕಳ ಅಪ್ಪ
ವಾರ್ಷಿಕ ವರದಿಗೆ! ಫಲಿತಾಂಶವನ್ನು ಏನು ಮಾಡುತ್ತೇವೆ ಎಂದು ಹೇಳುವ ಪತ್ರದಲ್ಲಿ ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಇದೆ. ಮಗುವಿಗೆ ಗುರಿ, ತರಗತಿಗೆ ಪಾಠ, ಶಾಲೆಗೆ ಬ್ಯಾನರ್. ಮೂರನೆಯದನ್ನೂ ಬರೆಯಿರಿ, ನಾನು ಸಹಿ ಹಾಕಿ ಕಳಿಸುತ್ತೇನೆ.

ಹಿಂದಿನ ಬೆಂಚು
ಆ ಹುಡುಗನ ಕಥೆ ಏನಾಗುತ್ತದೆ? ಪತ್ರದಲ್ಲಿ ಹೆಸರಿಲ್ಲದಿದ್ದರೂ 23 ಓಡಿದವನು ಯಾರೆಂದು ಇಡೀ ತರಗತಿಗೆ ಗೊತ್ತಿರುತ್ತದೆ. ಮುಂದಿನ ಬಾರಿ ಮೈದಾನದಲ್ಲಿ 25 ಓಡಿದರೆ, ಅವನು ನಿಜವಾಗಿ ಸುಧಾರಿಸಿದ್ದರೂ ಕಾರ್ಡಿನಲ್ಲಿ 31ರಿಂದ 25ಕ್ಕೆ ಇಳಿದವನಾಗುತ್ತಾನೆ.

ಪಿ.ಟಿ. ಮೇಷ್ಟ್ರು
ಇದನ್ನು ನಾನು ಯೋಚಿಸಿರಲಿಲ್ಲ.

ಸರಿ, ಆ ವಾಕ್ಯ ತೆಗೆಯುತ್ತೇನೆ. ತಪ್ಪೆಂದು ಒಪ್ಪಿ ಅಲ್ಲ, ಗೊಂದಲವಾಗಬಾರದೆಂದು. ಕೊನೆಯ ಭಾಗ ಹೀಗಿರುತ್ತದೆ:

> ಈ ಅವಧಿಯ ಬೀಪ್ ಓಟವನ್ನು ಮಳೆಯ ಕಾರಣದಿಂದ 15 ಮೀಟರ್ ಅಂತರದಲ್ಲಿ ನಡೆಸಲಾಯಿತು, ಸಮಯವೂ ಸಾಲಲಿಲ್ಲ. ಆದ್ದರಿಂದ ಈ ಬಾರಿಯ ಸುತ್ತುಗಳನ್ನು ಹಿಂದಿನ ಸುತ್ತುಗಳೊಂದಿಗೆ ಹೋಲಿಸಬೇಡಿ. ಕಾರ್ಡಿನಲ್ಲಿ ಓಟದ ಜಾಗವನ್ನು ಖಾಲಿ ಬಿಟ್ಟಿದ್ದೇವೆ. ಮರುಓಟದ ನಂತರ ಅದನ್ನು ಮಗುವೇ ತುಂಬುತ್ತದೆ. ಉಬ್ಬಸ, ಹೃದಯದ ತೊಂದರೆ, ಕೀಲುನೋವು ಇರುವ ಮಕ್ಕಳ ಪೋಷಕರು ಅದಕ್ಕೆ ಮೊದಲೇ ತಿಳಿಸಬೇಕು. ಕಾರ್ಡನ್ನು ಮಗು, ನೀವು ಮತ್ತು ದೈಹಿಕ ಶಿಕ್ಷಣ ಶಿಕ್ಷಕರು ಮಾತ್ರ ನೋಡುತ್ತೀರಿ. ಶಾಲೆಯ ವರದಿಗೆ ತರಗತಿಯ ಒಟ್ಟು ಚಿತ್ರಣ ಮಾತ್ರ ಹೋಗುತ್ತದೆ.

ನಿವೃತ್ತ ಸೀಟಿ
"ಖಾಲಿ ಬಿಟ್ಟಿದ್ದೇವೆ." ಸೊನ್ನೆ ಹಾಕುವ ಧೈರ್ಯವೂ ಇಲ್ಲ.

ಮಂಡಿನೋವು
ಕೀಲುನೋವು ಸೇರಿಸಿದ್ದಕ್ಕೆ ಧನ್ಯವಾದಗಳು. ಮಂಡಿ ಎಂದು ಪ್ರತ್ಯೇಕವಾಗಿ ಬರೆದರೆ ಇನ್ನೂ ಒಳ್ಳೆಯದು.

ಎರಡು ಮಕ್ಕಳ ಅಪ್ಪ
"ಒಟ್ಟು ಚಿತ್ರಣ ಮಾತ್ರ." ಆ ಚಿತ್ರಣದಲ್ಲಿ ಈ 11 ಮಂದಿಯ 31 ಸೇರಿರುತ್ತದೆಯೋ ಇಲ್ಲವೋ? ಇದಕ್ಕೆ ಉತ್ತರ ಬರುವವರೆಗೆ ನಾನು ಇಲ್ಲೇ ಇರುತ್ತೇನೆ.

ಉಸಿರುಲೆಕ್ಕ
ಪತ್ರ ಮೊದಲಿಗಿಂತ ಬಹಳ ಮೇಲು. ಮರುಓಟಕ್ಕೆ ಮುಂಚೆ ಗೆರೆಗಳ ಅಂತರವನ್ನು ಟೇಪ್ ಹಿಡಿದು ಅಳೆಯಿರಿ. ಅಂದ ಹಾಗೆ, ಒಳಾಂಗಣದ 15 ಮೀಟರ್ ಅಳೆದದ್ದು ಯಾವುದರಿಂದ?

ಪಿ.ಟಿ. ಮೇಷ್ಟ್ರು
ಹೆಜ್ಜೆಯಿಂದ.

ಅಂಕಿರಾಯ
ಯಾರ ಹೆಜ್ಜೆ?